ಏಳು ಪೆಟ್ಟಿಗೆಗಳ ಬದಲು ಒಂದು ಪ್ಯಾಕೆಟ್

ಬೋಧನಾಭ್ಯಾಸದ ಅವಧಿಯಲ್ಲಿ ಗಣಕವಿಜ್ಞಾನದ ಪ್ರಶಿಕ್ಷಣಾರ್ಥಿಗಳು ನೆಟ್‌ವರ್ಕ್ ಘಟಕಕ್ಕೆ ಬಂದಾಗ ಕಪ್ಪುಹಲಗೆಯ ಮೇಲೆ ಮೂಡುವ ಚಿತ್ರ ಬಹುಮಟ್ಟಿಗೆ ಒಂದೇ. ಒಂದರ ಮೇಲೊಂದು ಏಳು ಪೆಟ್ಟಿಗೆಗಳು, ಪ್ರತಿಯೊಂದರೊಳಗೆ ಒಂದು ಪದರದ ಹೆಸರು, ಪಕ್ಕದಲ್ಲಿ ಅದೇ ಏಳು ಪೆಟ್ಟಿಗೆಗಳ ಇನ್ನೊಂದು ಸಾಲು, ನಡುವೆ ಬಾಣದ ಗುರುತು. ಹೆಸರುಗಳನ್ನು ಕ್ರಮವಾಗಿ ನೆನಪಿಡಲು ಒಂದು ಇಂಗ್ಲಿಷ್ ವಾಕ್ಯ. ಆಮೇಲೆ ಪ್ರತಿ ಪದರಕ್ಕೂ ಎರಡೆರಡು ಸಾಲಿನ ವಿವರಣೆ. ನಲವತ್ತು ನಿಮಿಷ ಮುಗಿಯುವ ಹೊತ್ತಿಗೆ ಪಾಠಯೋಜನೆಯ ಎಲ್ಲ ಹಂತಗಳೂ ಮುಗಿದಿರುತ್ತವೆ, ಮೌಲ್ಯಮಾಪನದ ಪ್ರಶ್ನೆಗಳಿಗೆ ಮಕ್ಕಳು ಉತ್ತರವನ್ನೂ ಕೊಟ್ಟಿರುತ್ತಾರೆ. ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ’ ಎಂದು ಬರೆಯಲು ಯಾವ ಅಡ್ಡಿಯೂ ಇರುವುದಿಲ್ಲ.

ಆದರೆ ಹಿಂದಿನ ಬೆಂಚಿನಲ್ಲಿ ಕುಳಿತ ನಾನು ಇಂಥ ಪಾಠಗಳ ಕೊನೆಯಲ್ಲಿ ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ‘ನಿಮ್ಮ ಲ್ಯಾಬಿನ ಕಂಪ್ಯೂಟರು ಪಕ್ಕದ ಕಟ್ಟಡದ ಸರ್ವರಿಗೆ ಒಂದು ಪ್ಯಾಕೆಟ್ ಕಳಿಸುತ್ತದೆ. ಎರಡರ ನಡುವೆ ಒಂದು ರೌಟರ್ ಇದೆ. ಕಂಪ್ಯೂಟರಿನಿಂದ ಹೊರಡುವಾಗ ಆ ಪ್ಯಾಕೆಟ್ಟಿನ ಮೇಲೆ ತಲುಪಬೇಕಾದ ಮ್ಯಾಕ್ ವಿಳಾಸ ಯಾರದು?’ ತರಗತಿಯ ಹೆಚ್ಚಿನವರು ‘ಸರ್ವರಿನದು’ ಎನ್ನುತ್ತಾರೆ. ಏಳು ಪದರಗಳನ್ನೂ ತಪ್ಪಿಲ್ಲದೆ ಹೇಳಿದವರೇ ಹೀಗೆನ್ನುತ್ತಾರೆ. ಸರಿಯಾದ ಉತ್ತರ ರೌಟರಿನದು. ಮಕ್ಕಳು ಗಮನವಿಟ್ಟು ಕೇಳಲಿಲ್ಲ ಎಂದು ಇದಕ್ಕೆ ಕಾರಣ ಕೊಡುವುದು ಸುಲಭ. ಹಲಗೆಯ ಮೇಲಿನ ಚಿತ್ರವೇ ಈ ತಪ್ಪು ಉತ್ತರವನ್ನು ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಆ ಚಿತ್ರದಲ್ಲಿ ಇರುವುದು ಎರಡು ತುದಿಗಳು ಮಾತ್ರ. ನಡುವಿನ ದಾರಿ ಇಲ್ಲ. ದಾರಿಯೇ ಇಲ್ಲದ ಮೇಲೆ, ದಾರಿಯಲ್ಲಿ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂಬ ಪ್ರಶ್ನೆ ಹುಟ್ಟುವುದಾದರೂ ಹೇಗೆ? ಪದರಗಳನ್ನು ಬೇರೆ ಬೇರೆಯಾಗಿ ಇಟ್ಟದ್ದು ಯಾಕೆ ಎಂಬುದಕ್ಕೆ ಉತ್ತರ ಇರುವುದು ಆ ಪ್ರಶ್ನೆಯಲ್ಲೇ.

ಹಾಗಾಗಿ ಪದರಗಳ ಪಾಠವನ್ನು ಉಪನ್ಯಾಸದಿಂದ ಚಿತ್ರಕ್ಕೆ ತಿರುಗಿಸುವಾಗ ಚಿತ್ರಕ್ಕೆ ಎತ್ತರದ ಜೊತೆಗೆ ಅಗಲವೂ ಬೇಕು. ಎತ್ತರ ಪದರಗಳದ್ದು, ಅಗಲ ದಾರಿಯದ್ದು. ಹಲಗೆಯನ್ನು ಅಡ್ಡಲಾಗಿ ಬಳಸಿ ಎಡತುದಿಯಲ್ಲಿ ಕಂಪ್ಯೂಟರು, ಆಮೇಲೆ ಒಂದು ಸ್ವಿಚ್, ನಡುವೆ ರೌಟರ್, ಮತ್ತೆ ಒಂದು ಸ್ವಿಚ್, ಬಲತುದಿಯಲ್ಲಿ ಸರ್ವರ್ ಬರೆಯಬೇಕು. ಪ್ರತಿಯೊಂದರ ಮೇಲೂ ಅದು ಎಷ್ಟು ಪದರ ತೆರೆದು ನೋಡುತ್ತದೋ ಅಷ್ಟೇ ಎತ್ತರದ ಪೆಟ್ಟಿಗೆ ಇರಲಿ. ಕಂಪ್ಯೂಟರಿಗೆ ನಾಲ್ಕು, ಸ್ವಿಚ್ಚಿಗೆ ಒಂದು, ರೌಟರಿಗೆ ಎರಡು, ಸರ್ವರಿಗೆ ನಾಲ್ಕು. ಬರೆದು ಮುಗಿಸಿದಾಗ ಎರಡು ಬೆಟ್ಟಗಳ ನಡುವೆ ಕಣಿವೆ, ಕಣಿವೆಯ ಮಧ್ಯೆ ಒಂದು ಸಣ್ಣ ದಿಬ್ಬ ಇದ್ದಂತೆ ಕಾಣುತ್ತದೆ. ಈ ಆಕಾರವನ್ನು ಒಮ್ಮೆ ಕಂಡ ವಿದ್ಯಾರ್ಥಿ, ರೌಟರ್ ಎಲ್ಲವನ್ನೂ ಬಿಚ್ಚಿ ಓದುತ್ತದೆ ಎಂದು ಸುಲಭವಾಗಿ ಹೇಳಲಾರ.

ಏಳರ ಬದಲು ನಾಲ್ಕೇ ಏಕೆ ಎಂದು ಸಹೋದ್ಯೋಗಿಗಳು ಕೇಳುವುದುಂಟು. ಓಎಸ್‌ಐ ಮಾದರಿ 1984ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾಯಿತು. ಅದಕ್ಕೆ ಮೊದಲೇ, 1983ರ ಜನವರಿ 1ರಂದು, ಆರ್ಪಾನೆಟ್ ಟಿಸಿಪಿ/ಐಪಿಗೆ ಬದಲಾಗಿತ್ತು. ಇವತ್ತು ತಂತಿಯ ಮೇಲೆ ಹೋಗುತ್ತಿರುವುದು ಆ ಎರಡನೆಯದು. ಒಂದು ಸಾದಾ ವೆಬ್ ಕೋರಿಕೆಯನ್ನು ಹಿಡಿದು ನೋಡಿದರೆ ಸೆಷನ್ ಪದರಕ್ಕೋ ಪ್ರೆಸೆಂಟೇಷನ್ ಪದರಕ್ಕೋ ಪ್ರತ್ಯೇಕವಾದ ಹೆಡರ್ ಅಲ್ಲಿ ಕಾಣಸಿಗುವುದಿಲ್ಲ. ಏನನ್ನೂ ತುಂಬಲಾಗದ ಪೆಟ್ಟಿಗೆಯನ್ನು ಬರೆದಿಟ್ಟರೆ ಮಕ್ಕಳು ಅದನ್ನು ತಮ್ಮ ಊಹೆಯಿಂದ ತುಂಬಿಕೊಳ್ಳುತ್ತಾರೆ. ಹೆಡರ್ ತೋರಿಸಬಲ್ಲ ಪದರವನ್ನಷ್ಟೇ ಬರೆಯುವುದು ಒಳ್ಳೆಯದು.

ಇನ್ನು ಹೆಡರ್‌ನ ಖಾನೆಗಳು. ಇಲ್ಲಿ ಪ್ರಶಿಕ್ಷಣಾರ್ಥಿಗಳು ಇನ್ನೊಂದು ತುದಿಗೆ ಹೋಗಿಬಿಡುತ್ತಾರೆ. ಪಠ್ಯದಲ್ಲಿರುವ ಐಪಿ ಹೆಡರ್‌ನ ಪೂರ್ತಿ ಚಿತ್ರವನ್ನು, ಅದರ ಪಕ್ಕ ಟಿಸಿಪಿ ಹೆಡರ್‌ನ ಪೂರ್ತಿ ಚಿತ್ರವನ್ನು ಚಾರ್ಟಿನಲ್ಲಿ ಬರೆದು ತರುತ್ತಾರೆ. ಶ್ರಮ ಮೆಚ್ಚಬೇಕಾದ್ದೇ, ಆದರೆ ಮೂರನೆಯ ಸಾಲಿನಿಂದಾಚೆಗೆ ಅದನ್ನು ಯಾರೂ ಓದಲಾರರು. ಮೊದಲ ಪಾಠಕ್ಕೆ ನಾನು ಸೂಚಿಸುವ ಅಳತೆ ಇಷ್ಟು: ಪ್ರತಿ ಹೆಡರ್‌ನಲ್ಲೂ ‘ಯಾರಿಂದ’, ‘ಯಾರಿಗೆ’, ‘ಒಳಗಿರುವುದನ್ನು ಯಾರ ಕೈಗೆ ಕೊಡಬೇಕು’ ಎಂಬ ಮೂರು ಪ್ರಶ್ನೆಗೆ ಉತ್ತರಿಸುವ ಖಾನೆಗಳು ಸಾಕು. ಐಪಿಗೆ ಮಾತ್ರ ಟಿಟಿಎಲ್ ಎಂಬ ಒಂದು ಖಾನೆ ಹೆಚ್ಚಿಗೆ ಸೇರಲಿ.

ಈ ಮೂರರಲ್ಲಿ ಮೂರನೆಯದೇ ಪಾಠದ ಜೀವ. ಹೆಚ್ಚಿನ ಪಾಠಗಳಲ್ಲಿ ಕಾಣೆಯಾಗುವುದೂ ಅದೇ. ಈಥರ್ನೆಟ್ ಹೆಡರ್‌ನ ಕೊನೆಯ ಎರಡು ಬೈಟುಗಳಲ್ಲಿ `0x0800` ಎಂದಿದ್ದರೆ ಒಳಗಿರುವುದನ್ನು ಐಪಿಗೆ ಕೊಡಬೇಕು. ಅಲ್ಲಿ `0x0806` ಇದ್ದರೆ ಎಆರ್‌ಪಿಗೆ. ಐಪಿ ಹೆಡರ್‌ನ ಪ್ರೋಟೊಕಾಲ್ ಖಾನೆಯಲ್ಲಿ 6 ಇದ್ದರೆ ಟಿಸಿಪಿಗೆ, 17 ಇದ್ದರೆ ಯುಡಿಪಿಗೆ. ಟಿಸಿಪಿ ಹೆಡರ್‌ನಲ್ಲಿ ತಲುಪಬೇಕಾದ ಪೋರ್ಟ್ 80 ಎಂದಿದ್ದರೆ ವೆಬ್ ಸರ್ವರಿಗೆ. ಪ್ರತಿ ಪದರವೂ ತನ್ನ ಮೇಲಿನವರು ಯಾರು ಎಂಬುದನ್ನು ಒಂದು ಸಂಖ್ಯೆಯಿಂದ ತಿಳಿಯುತ್ತದೆ, ಅವರ ಸಾಮಾನಿನೊಳಗೆ ಇಣುಕುವುದಿಲ್ಲ. ‘ಪದರಗಳು ಪರಸ್ಪರ ಸ್ವತಂತ್ರ’ ಎಂದು ಹಲಗೆಯ ಮೇಲೆ ಬರೆಸುವ ವಾಕ್ಯಕ್ಕೆ ಕಣ್ಣಿಗೆ ಕಾಣುವ ಅರ್ಥ ಇದು.

ಈಗ ಒಂದು ಪ್ಯಾಕೆಟ್ಟನ್ನು ಕೈಹಿಡಿದು ನಡೆಸೋಣ. ಕಂಪ್ಯೂಟರ್ ಲ್ಯಾಬಿನ ಜಾಲ 192.168.1.0, ಅದರಲ್ಲಿ ನಮ್ಮ ಕಂಪ್ಯೂಟರು 192.168.1.25. ಆಡಳಿತ ಕಟ್ಟಡದ ಜಾಲ 192.168.2.0, ಅದರಲ್ಲಿ ಸರ್ವರ್ 192.168.2.10. ಎರಡಕ್ಕೂ ಮಾಸ್ಕ್ 255.255.255.0. ನಡುವಿನ ರೌಟರಿಗೆ ಎರಡು ಕಾಲುಗಳು, 192.168.1.1 ಮತ್ತು 192.168.2.1. ಮ್ಯಾಕ್ ವಿಳಾಸ ಆರು ಬೈಟಿನ ಉದ್ದದ ಸಂಖ್ಯೆ. ಹಲಗೆಯ ಮೇಲೆ ಅದನ್ನು ಪೂರ್ತಿ ಬರೆದರೆ ಗಮನವೆಲ್ಲ ಅದರಲ್ಲೇ ಕಳೆದುಹೋಗುತ್ತದೆ. ಕಂಪ್ಯೂಟರಿನದು ‘ಕ’, ರೌಟರಿನ ಎರಡು ಕಾಲುಗಳದ್ದು ‘ರ1’, ‘ರ2’, ಸರ್ವರಿನದು ‘ಸ’ ಎಂದು ಕರೆದರೆ ಸಾಕು. ಟಿಸಿಪಿಯ ಮೂರು ಹೆಜ್ಜೆಯ ಕೈಕುಲುಕು ಆಗಲೇ ಮುಗಿದಿದೆ, ನಾವು ನೋಡುತ್ತಿರುವುದು ಅದರ ನಂತರ ಕೋರಿಕೆಯನ್ನು ಹೊತ್ತು ಹೊರಡುವ ಪ್ಯಾಕೆಟ್ ಎಂದು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಚುರುಕಾದ ಹುಡುಗಿಯೊಬ್ಬಳು ನಡುವೆ ಎದ್ದು ಅದನ್ನೇ ಕೇಳುತ್ತಾಳೆ. ಕೇಳಬೇಕಾದ್ದೇ.

ಕೋರಿಕೆ ಇಷ್ಟು:

```
GET /marks.html HTTP/1.1
Host: 192.168.2.10

```

ಸಾಲಿನ ಕೊನೆಯ ಗುರುತುಗಳು ಎರಡೆರಡು ಬೈಟಿನಂತೆ ಸೇರಿ ಇದು 26, 20 ಮತ್ತು 2, ಒಟ್ಟು 48 ಬೈಟುಗಳು. ನಿಜವಾದ ಬ್ರೌಸರು ಇನ್ನೂ ಹಲವು ಸಾಲುಗಳನ್ನು ಸೇರಿಸುತ್ತದೆ. ಮಕ್ಕಳು ತಾವೇ ಎಣಿಸಲಿ ಎಂದು ಇಲ್ಲಿ ಕನಿಷ್ಠ ರೂಪವನ್ನು ಇಟ್ಟುಕೊಂಡಿದ್ದೇವೆ. ಟಿಸಿಪಿ ತನ್ನ 20 ಬೈಟಿನ ಹೆಡರ್ ಸೇರಿಸುತ್ತದೆ: 50312ನೇ ಪೋರ್ಟಿನಿಂದ 80ನೇ ಪೋರ್ಟಿಗೆ. ಈಗ 68. ಐಪಿ ತನ್ನ 20 ಸೇರಿಸುತ್ತದೆ: 192.168.1.25ರಿಂದ 192.168.2.10ಕ್ಕೆ, ಪ್ರೋಟೊಕಾಲ್ 6, ಟಿಟಿಎಲ್ 64. ಈಗ 88. ಈಥರ್ನೆಟ್ ಮುಂದೆ 14 ಬೈಟಿನ ಹೆಡರ್ ಸೇರಿಸುತ್ತದೆ, 102. ಹಿಂದೆ ದೋಷ ಪತ್ತೆಗೆಂದು 4 ಬೈಟಿನ ಬಾಲ, 106. ಪ್ರತಿ ಹಂತದಲ್ಲೂ ಹೊರಗಿನ ಪೆಟ್ಟಿಗೆ ಒಳಗಿನದನ್ನು ಪೂರ್ತಿಯಾಗಿ ನುಂಗುವಂತೆ ಬರೆದರೆ, ‘ಎನ್‌ಕ್ಯಾಪ್ಸುಲೇಷನ್’ ಎಂಬ ಪದಕ್ಕೆ ವ್ಯಾಖ್ಯೆ ಬರೆಸುವ ಅಗತ್ಯವೇ ಬರುವುದಿಲ್ಲ.

ಆ ಈಥರ್ನೆಟ್ ಹೆಡರ್‌ನಲ್ಲಿ ‘ಯಾರಿಗೆ’ ಎಂಬ ಖಾನೆ ತುಂಬುವ ಮೊದಲು ತರಗತಿಯಲ್ಲಿ ಒಂದು ನಿಮಿಷ ನಿಲ್ಲಬೇಕು. ಕಂಪ್ಯೂಟರು ತನ್ನ ಮಾಸ್ಕ್ ಹಿಡಿದು ಎರಡು ಐಪಿ ವಿಳಾಸಗಳನ್ನೂ ಹೋಲಿಸುತ್ತದೆ. ಮೊದಲ ಮೂರು ಸಂಖ್ಯೆಗಳು ಬೇರೆ, ಅಂದರೆ ಸರ್ವರ್ ನಮ್ಮ ಜಾಲದಲ್ಲಿಲ್ಲ. ಜಾಲದಾಚೆಗಿನದು ಏನಿದ್ದರೂ ಗೇಟ್‌ವೇಗೆ, ಅಂದರೆ 192.168.1.1ಕ್ಕೆ ಒಪ್ಪಿಸಬೇಕು. ಆ ಐಪಿ ಯಾರ ಮ್ಯಾಕ್ ಎಂದು ಎಆರ್‌ಪಿ ಮೂಲಕ ಕೂಗಿ ಕೇಳಿದರೆ ರೌಟರ್ ‘ರ1’ ಎಂದು ಉತ್ತರಿಸುತ್ತದೆ. ಖಾನೆಯಲ್ಲಿ ಬೀಳುವುದು ‘ರ1’. ಸರ್ವರಿನ ಮ್ಯಾಕ್ ಏನೆಂಬುದು ನಮ್ಮ ಕಂಪ್ಯೂಟರಿಗೆ ಈಗಲೂ ಗೊತ್ತಿಲ್ಲ, ಗೊತ್ತಾಗುವ ಅವಶ್ಯಕತೆಯೂ ಇಲ್ಲ.

ಸ್ವಿಚ್ ಈಥರ್ನೆಟ್ ಹೆಡರನ್ನು ಓದಿ ಸರಿಯಾದ ಬಾಗಿಲಿನಿಂದ ಹೊರಗೆ ಕಳಿಸುತ್ತದೆ, ಏನನ್ನೂ ತಿದ್ದುವುದಿಲ್ಲ. ರೌಟರಿನಲ್ಲಿ ಮಾತ್ರ ನಿಧಾನವಾಗಿ ನಡೆಯಬೇಕು. ಬಂದ ಫ್ರೇಮ್ ತನ್ನ ಹೆಸರಿಗಿದೆ ಎಂದು ಅದು ನೋಡುತ್ತದೆ, ಬಾಲವನ್ನು ಪರೀಕ್ಷಿಸಿ ಕೆಟ್ಟಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತದೆ, `0x0800` ನೋಡಿ ಒಳಗಿನ 88 ಬೈಟುಗಳನ್ನು ಐಪಿಗೆ ಕೊಡುತ್ತದೆ. ಹೊರಗಿನ 14 ಬೈಟಿನ ಹೆಡರ್ ಮತ್ತು 4 ಬೈಟಿನ ಬಾಲ ಅಲ್ಲಿಗೆ ಮುಗಿದುವು. ಅವು ಮುಂದೆ ಹೋಗುವುದಿಲ್ಲ. ಐಪಿ ಭಾಗ ತಲುಪಬೇಕಾದ ವಿಳಾಸವನ್ನು ಓದುತ್ತದೆ, ಅದು ತನ್ನದಲ್ಲ. ಕೋಷ್ಟಕದಲ್ಲಿ ನೋಡಿದರೆ 192.168.2.0 ಜಾಲ ತನ್ನ ಎರಡನೆಯ ಕಾಲಿಗೇ ಸೇರಿದೆ. ಟಿಟಿಎಲ್ ಅನ್ನು 64ರಿಂದ 63ಕ್ಕೆ ಇಳಿಸುತ್ತದೆ. ಹೆಡರ್‌ನ ಒಂದು ಖಾನೆ ಬದಲಾದ್ದರಿಂದ ಐಪಿಯ ಚೆಕ್‌ಸಮ್ ಮತ್ತೆ ಲೆಕ್ಕ ಹಾಕಬೇಕು. ಆಮೇಲೆ ‘ಸ’ಕ್ಕಾಗಿ ಎಆರ್‌ಪಿ ಕೇಳಿ, ಹೊಸ ಈಥರ್ನೆಟ್ ಹೆಡರ್ ಕಟ್ಟಿ, ಹೊಸ ಬಾಲ ಸೇರಿಸಿ ಹೊರಗೆ ಬಿಡುತ್ತದೆ. ಟಿಸಿಪಿ ಹೆಡರ್ ಮತ್ತು ಕೋರಿಕೆ ಸೇರಿದ 68 ಬೈಟುಗಳು ಹೇಗೆ ಬಂದವೋ ಹಾಗೆಯೇ ಹೋದವು.

ಇದನ್ನು ಮಾತಿನಲ್ಲಿ ಹೇಳಿ ಬಿಡದೆ, ಹಲಗೆಯ ಕೆಳಭಾಗದಲ್ಲಿ ಎರಡು ಸಾಲುಗಳಾಗಿ ಮಕ್ಕಳಿಂದಲೇ ತುಂಬಿಸಬೇಕು:

| ಖಾನೆ | ಕಂಪ್ಯೂಟರಿನಿಂದ ರೌಟರಿಗೆ | ರೌಟರಿನಿಂದ ಸರ್ವರಿಗೆ |
|---|---|---|
| ಮ್ಯಾಕ್: ಯಾರಿಂದ | ಕ | ರ2 |
| ಮ್ಯಾಕ್: ಯಾರಿಗೆ | ರ1 | ಸ |
| ಐಪಿ: ಯಾರಿಂದ | 192.168.1.25 | 192.168.1.25 |
| ಐಪಿ: ಯಾರಿಗೆ | 192.168.2.10 | 192.168.2.10 |
| ಟಿಟಿಎಲ್ | 64 | 63 |
| ಪೋರ್ಟ್ | 50312 → 80 | 50312 → 80 |

ಬದಲಾದ ಖಾನೆಗಳಿಗೆ ಕೆಂಪು ಸೀಮೆಸುಣ್ಣ, ಬದಲಾಗದವಕ್ಕೆ ಬಿಳಿ. ಮೇಲೆ ಮತ್ತು ನಡುವೆ ಕೆಂಪು, ಉಳಿದದ್ದು ಬಿಳಿ. ಮ್ಯಾಕ್ ವಿಳಾಸ ಈ ಹೆಜ್ಜೆಗೆ ಮಾತ್ರ, ಐಪಿ ವಿಳಾಸ ಪೂರ್ತಿ ಪಯಣಕ್ಕೆ ಎಂಬುದನ್ನು ಮಕ್ಕಳು ಬಣ್ಣದಲ್ಲೇ ಓದಿಕೊಳ್ಳುತ್ತಾರೆ.

ಅಂಚೆಯ ಹೋಲಿಕೆ ಕೊಡುವವರಿಗೆ ಒಂದು ಮಾತು. ‘ಲಕೋಟೆಯೊಳಗೆ ಲಕೋಟೆ’ ಎಂದು ನಿಲ್ಲಿಸಿದರೆ ಅದು ಮತ್ತೆ ಎರಡು ತುದಿಗಳ ಚಿತ್ರವೇ. ಅಂಚೆಯ ಚೀಲವನ್ನು ತನ್ನಿ. ಪತ್ರದ ಮೇಲಿನ ವಿಳಾಸ ಊರಿನಿಂದ ಊರಿಗೆ ಬದಲಾಗುವುದಿಲ್ಲ. ಆದರೆ ಪತ್ರವನ್ನು ಹಾಕಿದ ಚೀಲಕ್ಕೆ ಕಟ್ಟಿದ ಚೀಟಿ ಮುಂದಿನ ವಿಂಗಡಣಾ ಕಚೇರಿಯದು. ಅಲ್ಲಿ ಚೀಲ ಬಿಚ್ಚಿ, ಪತ್ರವನ್ನು ಇನ್ನೊಂದು ಚೀಲಕ್ಕೆ ಹಾಕಿ, ಬೇರೆ ಚೀಟಿ ಕಟ್ಟುತ್ತಾರೆ. ವಿಂಗಡಿಸುವವರು ಪತ್ರವನ್ನು ಒಡೆದು ಓದುವುದಿಲ್ಲ. ಹೋಲಿಕೆ ಇಲ್ಲಿಯವರೆಗೆ ಚೆನ್ನಾಗಿ ನಡೆಯುತ್ತದೆ. ಟಿಟಿಎಲ್‌ಗೆ ಅಂಚೆಯಲ್ಲಿ ಸಮಾನವಾದದ್ದಿಲ್ಲ. ಅಲ್ಲಿ ಹೋಲಿಕೆಯನ್ನು ಕೈಬಿಟ್ಟು, ಎರಡು ರೌಟರುಗಳು ತಪ್ಪು ಕೋಷ್ಟಕದಿಂದ ಪರಸ್ಪರರ ಕಡೆಗೇ ಪ್ಯಾಕೆಟ್ ಎಸೆಯುತ್ತಿದ್ದರೆ ಅದು ನಿಲ್ಲುವುದು ಹೇಗೆ ಎಂದು ಕೇಳಬೇಕು. ಸೊನ್ನೆಗೆ ಇಳಿದ ಪ್ಯಾಕೆಟ್ಟನ್ನು ರೌಟರ್ ಎಸೆದುಬಿಡುತ್ತದೆ ಎಂಬ ಉತ್ತರ ತಾನಾಗಿ ಬರುತ್ತದೆ.

ಹಲಗೆಯ ಮೇಲೆ ಬರೆದದ್ದು ನಿಜವೇ ಎಂದು ನೋಡಲು ದೊಡ್ಡ ಏರ್ಪಾಡು ಬೇಕಿಲ್ಲ. ಇಂಟರ್ನೆಟ್ ಇರುವ ಒಂದು ಕಂಪ್ಯೂಟರಿನಲ್ಲಿ ಹೊರಗಿನ ಒಂದು ವಿಳಾಸಕ್ಕೆ `ping` ಕಳಿಸಿ, ಕೂಡಲೇ ಎಆರ್‌ಪಿ ಪಟ್ಟಿಯನ್ನು ತೆರೆಯಿರಿ:

```
ping 8.8.8.8
arp -a
```

ಪಟ್ಟಿಯಲ್ಲಿ ಗೇಟ್‌ವೇ ಇರುತ್ತದೆ, 8.8.8.8 ಇರುವುದಿಲ್ಲ. ಉತ್ತರ ಬಂದಿದೆ, ಆದರೆ ಉತ್ತರ ಕೊಟ್ಟವರ ಮ್ಯಾಕ್ ನಮ್ಮಲ್ಲಿಲ್ಲ. ಪಾಠದ ಆರಂಭದಲ್ಲಿ ‘ಸರ್ವರಿನ ಮ್ಯಾಕ್’ ಎಂದ ವಿದ್ಯಾರ್ಥಿಯನ್ನೇ ಕರೆದು ಪಟ್ಟಿಯಲ್ಲಿ ಹುಡುಕಿಸುವುದು ಒಳ್ಳೆಯದು. ವೈರ್‌ಶಾರ್ಕ್ ಇರುವ ಲ್ಯಾಬಿನಲ್ಲಿ ಪ್ಯಾಕೆಟ್ಟನ್ನೇ ತೆರೆದು ತೋರಿಸಬಹುದು. ಆಗ ಎರಡು ವ್ಯತ್ಯಾಸಗಳಿಗೆ ಸಿದ್ಧರಾಗಿರಿ. ನಾವು 106 ಎಂದು ಲೆಕ್ಕ ಹಾಕಿದ್ದು ಅಲ್ಲಿ ಸಾಮಾನ್ಯವಾಗಿ 102 ಎಂದು ಕಾಣುತ್ತದೆ, ಏಕೆಂದರೆ ಕೊನೆಯ 4 ಬೈಟಿನ ಬಾಲವನ್ನು ನೆಟ್‌ವರ್ಕ್ ಕಾರ್ಡೇ ನಿಭಾಯಿಸಿಬಿಡುತ್ತದೆ. ಟಿಸಿಪಿ ಹೆಡರ್ 20ರ ಬದಲು 32 ಎಂದು ಕಂಡರೆ ಸಮಯದ ಮುದ್ರೆಯಂಥ ಐಚ್ಛಿಕ ಖಾನೆಗಳು ಸೇರಿವೆ ಎಂದರ್ಥ. ಮೊದಲೇ ಗೊತ್ತಿರದಿದ್ದರೆ ಈ ಸಣ್ಣ ಅಂಕಿಗಳು ಪ್ರಶಿಕ್ಷಣಾರ್ಥಿಯ ಧೈರ್ಯ ಕೆಡಿಸುತ್ತವೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಉದಾಹರಣೆಗೆ ನಾನು ಎರಡು ಕಟ್ಟಡಗಳನ್ನು ಆರಿಸಿದ್ದು ಸುಮ್ಮನೆ ಅಲ್ಲ. ಆಕರ್ಷಕವಾಗಿರಲಿ ಎಂದು ಹೆಸರುವಾಸಿ ವೆಬ್‌ಸೈಟನ್ನು ತೆಗೆದುಕೊಂಡರೆ, ಶಾಲೆಯ ಇಂಟರ್ನೆಟ್ ರೌಟರ್ ಪ್ಯಾಕೆಟ್ ಹೊರಹೋಗುವಾಗ ‘ಯಾರಿಂದ’ ಎಂಬ ಐಪಿ ವಿಳಾಸವನ್ನೇ ಬದಲಿಸುತ್ತದೆ, ಬಹುತೇಕ ಸಲ ಪೋರ್ಟನ್ನೂ. ನ್ಯಾಟ್ ಎಂಬ ಈ ವ್ಯವಸ್ಥೆ ಎರಡನೆಯ ಪದರದವರೆಗೆ ಮಾತ್ರ ಏರಬೇಕಾದ ರೌಟರ್ ಮೂರನೆಯದಕ್ಕೂ ಕೈಹಾಕುವ ಸಂದರ್ಭ. ‘ಐಪಿ ಬದಲಾಗುವುದಿಲ್ಲ’ ಎಂದು ಆಗತಾನೆ ಬರೆಸಿದ ವಾಕ್ಯ ಮಕ್ಕಳ ಕಣ್ಣೆದುರೇ ಸುಳ್ಳಾಗುತ್ತದೆ. ಹಾಗೆಂದು ನ್ಯಾಟನ್ನು ಮುಚ್ಚಿಡಬೇಕಿಲ್ಲ. ಮರುದಿನದ ಪಾಠದಲ್ಲಿ ಇದೇ ಚಿತ್ರಕ್ಕೆ ಮೂರನೆಯ ಸಾಲು ಸೇರಿಸಿ, ಬಿಳಿ ಇದ್ದ ಖಾನೆ ಕೆಂಪಾಗುವುದನ್ನು ತೋರಿಸಿದರೆ, ನಿಯಮ ಮತ್ತು ಅದರ ಉಲ್ಲಂಘನೆ ಎರಡೂ ಒಂದೇ ಜಾಗದಲ್ಲಿ ಕಾಣುತ್ತವೆ.

ಪಾಠದ ನಂತರದ ಚರ್ಚೆಯಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ನೇರವಾಗಿ ಕೇಳಿದ್ದರು: “ಪರೀಕ್ಷೆಗೆ ಬರೋದು ಏಳು ಪದರದ ಹೆಸರುಗಳೇ ಅಲ್ವಾ ಮೇಡಂ? ಇಷ್ಟೆಲ್ಲ ಮಾಡಿದ್ರೆ ಹೆಸರು ಬರೆಸೋಕೆ ಟೈಮ್ ಎಲ್ಲಿ?” ಪ್ರಶ್ನೆ ನ್ಯಾಯವಾದದ್ದು, ನಾವು ಅದನ್ನು ತಳ್ಳಿಹಾಕಬಾರದು. ನನ್ನ ಲೆಕ್ಕದಲ್ಲಿ ಜಾಲದ ಚಿತ್ರ ಬರೆಯಲು ಐದು ನಿಮಿಷ, ಹೆಡರ್ ಕಟ್ಟಲು ಹತ್ತು, ಪಯಣಕ್ಕೆ ಹದಿನೈದು ಬೇಕು. ಉಳಿದ ಹತ್ತರಲ್ಲಿ ನಾಲ್ಕು ಪದರಗಳ ಪಕ್ಕ ಏಳು ಹೆಸರುಗಳನ್ನು ಬರೆದು ಯಾವುದು ಯಾವುದರೊಳಗೆ ಸೇರುತ್ತದೆ ಎಂದು ಗೆರೆ ಎಳೆಸಬಹುದು. ಪೀಠಿಕೆಯ ಪ್ರಶ್ನೆಗಳನ್ನು ಒಂದಕ್ಕೆ ಇಳಿಸಬೇಕಾಗುತ್ತದೆ, ಅದು ನಿಜ. ಆ ಒಂದು ಪ್ರಶ್ನೆ ಮ್ಯಾಕ್ ವಿಳಾಸದ್ದಾಗಿರಲಿ. ಪೀಠಿಕೆಗೆ ಐದು ಪ್ರಶ್ನೆ ಬೇಕೇ ಬೇಕು ಎಂದು ವೀಕ್ಷಣಾ ನಮೂನೆಯನ್ನು ಹಿಡಿದು ಅಂಕ ಕಳೆಯುವ ನಾವು, ಮಾರ್ಗದರ್ಶಕರು, ಇಂಥ ಪಾಠಕ್ಕೆ ಆ ಪಟ್ಟನ್ನು ಸಡಿಲಿಸಲೇಬೇಕು. ಇಲ್ಲದಿದ್ದರೆ ಪ್ರಶಿಕ್ಷಣಾರ್ಥಿ ಮತ್ತೆ ಏಳು ಪೆಟ್ಟಿಗೆಗಳಿಗೇ ಮರಳುತ್ತಾರೆ, ಅದರಲ್ಲಿ ಅವರ ತಪ್ಪೂ ಇರುವುದಿಲ್ಲ.

ಮನೆಗೆಲಸಕ್ಕೆ ಒಂದೇ ಪ್ರಶ್ನೆ ಸಾಕು: ಸರ್ವರಿನ ಉತ್ತರ ಹಿಂದಿರುಗುವಾಗ ಅದೇ ಕೋಷ್ಟಕವನ್ನು ತುಂಬಿ. ವಿಳಾಸಗಳು ಅದಲುಬದಲಾಗುವುದನ್ನು ಬಹಳ ಮಂದಿ ಸರಿಯಾಗಿ ಬರೆಯುತ್ತಾರೆ, ಪೋರ್ಟುಗಳು 80 → 50312 ಆಗುವುದನ್ನೂ ಬರೆಯುತ್ತಾರೆ. ಮೌಲ್ಯಮಾಪನ ಮಾಡುವಾಗ ಮೊದಲು ಟಿಟಿಎಲ್ ಖಾನೆಯನ್ನು ನೋಡಿ. ಸರ್ವರಿನಿಂದ ಹೊರಡುವಾಗ 63, ರೌಟರಿನಾಚೆ 62 ಎಂದು ಬರೆದವರು ಹೋದ ಪ್ಯಾಕೆಟ್ಟೇ ತಿರುಗಿ ಬಂತು ಎಂದುಕೊಂಡಿದ್ದಾರೆ; ಅವರೊಂದಿಗೆ ಹಲಗೆಯ ಬಲತುದಿಯಿಂದ ಇನ್ನೊಮ್ಮೆ ನಡೆಯಬೇಕು. ಸರ್ವರೂ 64ರಿಂದಲೇ ಆರಂಭಿಸುತ್ತದೆ ಎಂದು ಪ್ರಶ್ನೆಯಲ್ಲೇ ತಿಳಿಸಿದ್ದರೂ ಕೆಲವರು ಹೀಗೆ ಬರೆಯುತ್ತಾರೆ. 64 ಮತ್ತು 63 ಎಂದು ಬರೆದವರಿಗೆ ಉತ್ತರವೆಂಬುದು ಸರ್ವರ್ ತಾನೇ ಹೊಸದಾಗಿ, ಮೇಲಿನ ಪದರದಿಂದ ಕೆಳಗೆ ಕಟ್ಟಿದ ಬೇರೊಂದು ಪ್ಯಾಕೆಟ್ ಎಂಬುದು ತಿಳಿದಿದೆ. ಅವರಿಗೆ ಮರುದಿನ ನ್ಯಾಟ್ ಕೊಡಬಹುದು.